ಒಪ್ಪಿದ ಕೊಟೇಶನ್ 2 ಲಕ್ಷ, ಕೆಲಸ ಆದದ್ದು 2.10 ಲಕ್ಷಕ್ಕೆ: ಫೈನಲ್ ಬಿಲ್ ಹೇಗೆ ಹಾಕೋದು?

ಸಾಗರದ ಪೇಂಟರ್
ನಮಸ್ಕಾರ ಎಲ್ರಿಗೂ. ನಂದು ಸಣ್ಣ ಪೇಂಟಿಂಗ್ ಕಾಂಟ್ರಾಕ್ಟ್, ಜಿಎಸ್‌ಟಿ ನೋಂದಣಿ ಇದೆ. ಒಂದು ಮನೆ ಕೆಲಸ ಮುಗಿದಿದೆ, ಬಿಲ್ ಹಂತದಲ್ಲಿ ಜಗಳ ಶುರುವಾಗಿದೆ. ಬಣ್ಣ ಸಮೇತ ಕೊಟ್ಟ ಕೊಟೇಶನ್ ಹೀಗಿತ್ತು:

ಒಳಗೋಡೆ, ಸೀಲಿಂಗ್ (ಪುಟ್ಟಿ, ಪ್ರೈಮರ್, ಎಮಲ್ಷನ್): 4,200 ಚದರಡಿ × 26 = 1,09,200
ಹೊರಗೋಡೆ: 2,400 × 18 = 43,200
ಗ್ರಿಲ್, ಗೇಟ್ ಎನಾಮೆಲ್: ಒಟ್ಟು 9,000
ಕಾಂಪೌಂಡ್ ಗೋಡೆ: 600 × 14 = 8,400
ಮೊತ್ತ 1,69,800, ಜಿಎಸ್‌ಟಿ 18% ಸೇರಿ 2,00,364.

ಕೊನೇಲಿ "ಅಳತೆ ಅಂದಾಜು, ಕೆಲಸ ಮುಗಿದ ಮೇಲೆ ಸೈಟ್ ಅಳತೆಯಂತೆ ಬಿಲ್" ಅಂತ ಬರೆದಿದ್ದೆ. ಯಜಮಾನರು ಅದರ ಕೆಳಗೇ ಸಹಿ ಹಾಕಿ 80,000 ಅಡ್ವಾನ್ಸ್ ಕೊಟ್ರು.

ಈಗ ಅಳತೆ ತೆಗೆದರೆ ಒಳಗೆ 4,710 ಬಂತು, ಹೊರಗೆ 2,250. ಕಾಂಪೌಂಡ್ ಒಡೆದು ಕಟ್ಟಿಸ್ತೀವಿ ಅಂತ ಅವರೇ ಬಿಡಿಸಿದ್ರು. ನಡುವೆ ಬಾತ್‌ರೂಮ್ ಹಿಂದಿನ ಗೋಡೆ ಪೂರ್ತಿ ತೇವ. ಫೋಟೋ ಕಳಿಸಿದೆ, ವಾಟ್ಸಾಪ್‌ನಲ್ಲಿ "ಆಯ್ತು ಮಾಡಿ" ಅಂದ್ರು. ಪ್ಲಾಸ್ಟರ್ ಕೆತ್ತಿ ವಾಟರ್‌ಪ್ರೂಫ್ ಕೋಟ್ ಹೊಡೆದೆ, 140 ಚದರಡಿ, 45ರಂತೆ 6,300. ಎಲ್ಲಾ ಸೇರಿ 1,78,260, ಜಿಎಸ್‌ಟಿ ಜೊತೆ 2,10,347.

ಅವರ ಲೆಕ್ಕ ಬೇರೆ. "2,00,364 ಒಪ್ಪಿದ್ದು. ಕಾಂಪೌಂಡ್ ಮಾಡಿಲ್ಲ, ಅದು 9,912 ಕಳೆಯಿರಿ. 1,90,452ಕ್ಕಿಂತ ಒಂದು ರೂಪಾಯಿ ಜಾಸ್ತಿ ಇಲ್ಲ." ನಮ್ಮಿಬ್ಬರ ನಡುವೆ ಹತ್ತಿರ ಹತ್ತಿರ 20 ಸಾವಿರ ವ್ಯತ್ಯಾಸ. ಬಿಲ್ ಇನ್ನೂ ಹಾಕಿಲ್ಲ. ಕೊಟೇಶನ್ ಮೊತ್ತಕ್ಕೆ ಒಂದು ಬಿಲ್, ಹೆಚ್ಚಾಗಿದ್ದಕ್ಕೆ ಇನ್ನೊಂದು ಹಾಕ್ಲಾ? ಅಥವಾ ಒಂದೇ ಬಿಲ್ಲಾ?

ಗುರು_ಹಾರ್ಡ್‌ವೇರ್
ಯಾಕೆ ತಲೆಬಿಸಿ ಗುರು. 1.90ಕ್ಕೆ ಬಿಲ್ ಹಾಕು, ಉಳಿದದ್ದು ಕೈಗೆ ತಗೋ.

ಲೆಕ್ಕದಮ್ಮ ಮೈಸೂರು
@ಗುರು_ಹಾರ್ಡ್‌ವೇರ್ ಅವರು ಕೊಡಲ್ಲ ಅಂತ ತಾನೇ ಜಗಳ? ಕೈಗೆ ಎಲ್ಲಿಂದ ಬರುತ್ತೆ? ಬಿಲ್‌ನಲ್ಲೇ 1.90 ಅಂತ ಬರೆದುಕೊಟ್ಟ ಮೇಲೆ ಉಳಿದ ದುಡ್ಡು ಕೇಳೋಕೆ ಇವರ ಹತ್ತಿರ ಒಂದು ಚೀಟಿನೂ ಇರಲ್ಲ. ತೆರಿಗೆ ತಪ್ಪಿಸೋದು ಆಮೇಲಿನ ಮಾತು.

ಸಾಗರದವರೇ, ಒಂದೇ ಇನ್‌ವಾಯ್ಸ್ ಹಾಕಿ, ನಿಜವಾಗಿ ಆದ ಕೆಲಸಕ್ಕೆ. ಕೊಟೇಶನ್ ಜಿಎಸ್‌ಟಿ ಕಣ್ಣಿಗೆ ದಾಖಲೆಯೇ ಅಲ್ಲ, ಅದರ ಮೊತ್ತಕ್ಕೆ ಇನ್‌ವಾಯ್ಸ್ ಹೊಂದಬೇಕು ಅನ್ನೋ ನಿಯಮ ಎಲ್ಲೂ ಇಲ್ಲ. ಮಾಡದ ಕಾಂಪೌಂಡ್‌ನ ಸಾಲು ಇನ್‌ವಾಯ್ಸ್‌ನಲ್ಲಿ ಬರಲೇಬಾರದು. ಕೆಲವರು 8,400 ತೋರಿಸಿ ಕೆಳಗೆ ಮೈನಸ್ 8,400 ಅಂತ ಡಿಸ್ಕೌಂಟ್ ಹಾಕ್ತಾರೆ, ಹಾಗೆ ಬೇಡ. ಆ ಕೆಲಸ ಮಾಡಿದ್ದೀರಿ, ದುಡ್ಡು ಬಿಟ್ಟಿದ್ದೀರಿ ಅನ್ನೋ ಅರ್ಥ ಬರುತ್ತೆ.

ಇನ್‌ವಾಯ್ಸ್ ಜೊತೆ ಇನ್ನೊಂದು ಹಾಳೆ ಕೊಡಿ. ಪ್ರತಿ ಸಾಲಿಗೂ ಕೊಟೇಶನ್‌ನಲ್ಲಿ ಎಷ್ಟಿತ್ತು, ಆಗಿದ್ದು ಎಷ್ಟು, ವ್ಯತ್ಯಾಸ ಎಷ್ಟು, ಯಾಕೆ. ಕಾಂಪೌಂಡ್ ಆ ಹಾಳೆಯಲ್ಲಿ ಸೊನ್ನೆ ಅಂತ ಇರಲಿ. ಇನ್‌ವಾಯ್ಸ್‌ನಲ್ಲಿ ಕೊಟೇಶನ್ ನಂಬರ್, ತಾರೀಕು ಒಂದು ಸಾಲು ಬರೆದರೆ ಸಾಕು. ಕೊಟೇಶನ್ ತೆಗೆದು ಅದರಲ್ಲೇ ಅಂಕಿ ತಿದ್ದಬೇಡಿ, ಸಹಿ ಆಗಿರೋ ಪ್ರತಿ ಅವರ ಹತ್ತಿರನೂ ಇದೆ.

ಅಂದಹಾಗೆ ಕೆಲಸ ಮುಗಿದ 30 ದಿನದೊಳಗೆ ಇನ್‌ವಾಯ್ಸ್ ಆಗಬೇಕು. ಜಗಳ ಬಗೆಹರೀಲಿ ಅಂತ ಕೂತರೆ ಆಗಲ್ಲ.

ನಿವೃತ್ತ ಜೆಇ
ಇದರಲ್ಲಿ ಚರ್ಚೆ ಮಾಡೋಕೆ ಏನಿದೆ? ಲೋಕೋಪಯೋಗಿ ಇಲಾಖೆ ಕೆಲಸದಲ್ಲಿ ಪರಿಮಾಣ ಶೇ 25ರವರೆಗೆ ಹೆಚ್ಚಾದರೂ ಟೆಂಡರ್ ದರದಲ್ಲೇ ಬಿಲ್. ಅದಕ್ಕೂ ಮೀರಿದರೆ ಮಾತ್ರ ದರ ಮತ್ತೆ ನೋಡ್ತಾರೆ. ನಿಮ್ಮದು 4,200ಕ್ಕೆ 510 ಜಾಸ್ತಿ, ಶೇ 12 ಅಷ್ಟೇ. ಯಜಮಾನರ ಒಪ್ಪಿಗೆನೇ ಬೇಕಿಲ್ಲ.

ಸೈಟ್ ಸುಬ್ಬಿ
ಜೆಇ ಸರ್, ಅದು ಟೆಂಡರ್ ಕರಾರಿನ ಷರತ್ತು. ಕರಾರಿನಲ್ಲಿ ಬರೆದಿರೋದ್ರಿಂದ ಅಲ್ಲಿ ನಡೆಯುತ್ತೆ. ಖಾಸಗಿ ಮನೆಯವರ ಜೊತೆ ಬರೆದುಕೊಂಡಿಲ್ಲ ಅಂದ್ರೆ ಆ 25 ಇಲ್ಲಿ ಲೆಕ್ಕಕ್ಕಿಲ್ಲ. ಇವರನ್ನ ಕಾಯೋದು ಇವರೇ ಬರೆದ ಕೊನೇ ಸಾಲು, "ಸೈಟ್ ಅಳತೆಯಂತೆ ಬಿಲ್".

ಅದೂ ಎಲ್ಲಾ ಸಾಲಿಗೂ ಹೊಂದಲ್ಲ. ಚದರಡಿ ದರದ ಮೂರು ಸಾಲಿಗೆ ಹೊಂದುತ್ತೆ. ಗ್ರಿಲ್, ಗೇಟ್ 9,000 ಒಟ್ಟು ದರ, ಅಲ್ಲಿ ಗ್ರಿಲ್ ಎರಡು ಜಾಸ್ತಿ ಬಂದಿದ್ರೂ 9,000ನೇ, ಕಡಿಮೆ ಆಗಿದ್ರೂ 9,000ನೇ. ತೇವದ ಗೋಡೆ ಕೊಟೇಶನ್‌ನಲ್ಲೇ ಇಲ್ಲ, ಅದು ಬೇರೆ ಕಥೆ.

ಈಗ ನನ್ನ ಪ್ರಶ್ನೆ. 4,200 ಎಲ್ಲಿಂದ ಬಂತು? 4,710 ಹೇಗೆ ಬಂತು?

ಸಾಗರದ ಪೇಂಟರ್
ಮನೆ ಕಾರ್ಪೆಟ್ 1,200 ಚದರಡಿ. ಎಲ್ರೂ ಮಾಡೋ ಹಾಗೆ ಮೂರೂವರೆ ಪಟ್ಟು ಹಾಕಿದೆ, 4,200. ಆಗ ಮನೆ ತುಂಬ ಸಾಮಾನು, ಟೇಪ್ ಹಿಡಿಯೋಕೆ ಜಾಗ ಇರಲಿಲ್ಲ. 4,710 ಮಾತ್ರ ಟೇಪ್ ಹಿಡಿದು ಕೋಣೆ ಕೋಣೆ ಅಳೆದಿದ್ದು.

ಸೈಟ್ ಸುಬ್ಬಿ
ಸೀಲಿಂಗ್ ಎತ್ತರ?

ಸಾಗರದ ಪೇಂಟರ್
ಹತ್ತೂವರೆ ಅಡಿ. ಹಳೇ ಮನೆ.

ಸೈಟ್ ಸುಬ್ಬಿ
ನೋಡಿ ಅಲ್ಲೇ ಇದೆ. ಮೂರೂವರೆ ಪಟ್ಟು ಅನ್ನೋದು ಈಗಿನ ಅಪಾರ್ಟ್‌ಮೆಂಟ್ ಎತ್ತರಕ್ಕೆ, ಒಂಬತ್ತು-ಒಂಬತ್ತೂವರೆ ಅಡಿಗೆ ಸರಿಹೋಗೋ ಕೈಲೆಕ್ಕ. ನಿಮ್ಮ ಹಾಲ್ 18×12 ಅಂದ್ಕೊಳ್ಳಿ. ಸುತ್ತಳತೆ 60 ಅಡಿ, ಎತ್ತರ 10.5, ಗೋಡೆ 630. ಸೀಲಿಂಗ್ 216. ಒಟ್ಟು 846, ಅಂದ್ರೆ ನೆಲದ ಹತ್ತಿರ ಹತ್ತಿರ ನಾಲ್ಕು ಪಟ್ಟು. ಅದೇ ಒಂಬತ್ತೂವರೆ ಅಡಿ ಆಗಿದ್ರೆ 786. ಒಂದೇ ಹಾಲ್‌ನಲ್ಲಿ 60 ಚದರಡಿ ಜಾಸ್ತಿ ಆಯ್ತು. ಯಜಮಾನರಿಗೆ "ಅಳತೆ ಜಾಸ್ತಿ ಬಂತು" ಅಂದ್ರೆ ಮೋಸ ಅಂತ ಕೇಳಿಸುತ್ತೆ. ಈ ಹಾಲ್‌ನ ಲೆಕ್ಕ ಒಂದನ್ನ ಅವರ ಎದುರು ಟೇಪ್ ಹಿಡಿದು ತೋರಿಸಿ.

ಇನ್ನೊಂದು. ಬಾಗಿಲು, ಕಿಟಕಿ ಕಳೆದಿದ್ದೀರಾ?

ಸಾಗರದ ಪೇಂಟರ್
ಹೊರಗಡೆ ಕಿಟಕಿ ಕಳೆದಿದ್ದೇನೆ, ಅದಕ್ಕೇ 2,250ಕ್ಕೆ ಇಳಿದಿದ್ದು. ಒಳಗೆ ಏನೂ ಕಳೆದಿಲ್ಲ. ನಮ್ಮ ಕಡೆ ಒಳಗೆ ಕಳೆಯೋ ಪದ್ಧತಿ ಇಲ್ಲ ಸಾರ್. ಅಂಚು, ಮೂಲೆ ಎಳೆಯೋ ಕೆಲಸಕ್ಕೆ ಅದು ಸರಿಹೋಗುತ್ತೆ.

ಮನೆ ಕಟ್ಟಿಸಿದವಳು
ಇಲ್ಲಿ ಎಲ್ರೂ ಕಾಂಟ್ರಾಕ್ಟರ್ ಕಡೆಯವರೇ ಇದ್ದೀರಿ, ನಾನು ಆ ಕಡೆಯಿಂದ ಹೇಳ್ತೀನಿ. ಪುಟ್ಟಿ ಹೊಡೆಯುವಾಗಲೇ ನಿಮಗೆ ಗೊತ್ತಾಗಿರುತ್ತೆ ಅಂದಾಜು ಮೀರಿದೆ ಅಂತ. ಪುಟ್ಟಿ ಚೀಲ ಎಷ್ಟು ತರಿಸಿದ್ರಿ, ಎಷ್ಟು ಸಾಲಲಿಲ್ಲ ಅಂತ ನಿಮಗೆ ಗೊತ್ತು, ನಮಗೆ ಗೊತ್ತಿರಲ್ಲ. ಆವತ್ತೇ ಫೋನ್ ಮಾಡಿ "ಸರ್, 12-13 ಸಾವಿರ ಜಾಸ್ತಿ ಆಗುತ್ತೆ, ಮುಂದುವರಿಸ್ಲಾ" ಅಂತ ಕೇಳಿದ್ರೆ ಅವರು ಬೇಕಾದ್ರೆ ಸ್ಟೋರ್ ರೂಮ್ ಬಿಡಿಸ್ತಿದ್ರು, ಕಡಿಮೆ ದರದ ಬಣ್ಣ ಆರಿಸ್ತಿದ್ರು. ಮುಗಿದ ಮೇಲೆ ಹೇಳಿದ್ರೆ ಅವರ ಕೈಲಿ ಆರಿಸೋಕೆ ಏನು ಉಳಿಯುತ್ತೆ? ನಮ್ಮ ಮನೆ ಟೈಲ್ಸ್‌ನಲ್ಲೂ ಹೀಗೇ ಆಯ್ತು, ಅಂದಾಜಿನ ಮೇಲೆ ಕಾಲು ಭಾಗ ಜಾಸ್ತಿ. ಅತ್ತೆ ಇನ್ನೂ ಹಂಗಿಸ್ತಾರೆ.

ಗುರು_ಹಾರ್ಡ್‌ವೇರ್
ಅತ್ತೆ ಹಂಗಿಸೋದಕ್ಕೆ ಟೈಲ್ಸ್ ಬೇಕಾ ಮೇಡಂ 😄

ಗದಗದ ಗುತ್ತಿಗೆ
ಅಕ್ಕಾರು ಹೇಳಿದ್ದು ಖರೇ ಐತ್ರಿ. ನಾವು ಪುಟ್ಟಿ ಮೊದಲ್ನೇ ಕೋಟ್ ಆದ ಕೂಡ್ಲೆ ಮಾಲಕರನ್ನ ಕರೆದು ಕೂಡಿ ಅಳತಿ ಮಾಡ್ತೀವ್ರಿ. ಒಂದು ದೊಡ್ಡ ನೋಟ್‌ಬುಕ್ಕು. ಖೋಲಿ ಹೆಸರು, ಉದ್ದ, ಎತ್ತರ, ಎಷ್ಟು ಗ್ವಾಡಿ, ಕಳೆಯೂದು ಎಷ್ಟು, ಒಟ್ಟು. ಪ್ರತಿ ಪಾನಿಗೆ ಅವರ ಸಹಿ. ಬಣ್ಣ ಬಳದ ಮ್ಯಾಲೆ ಸಹಿ ಕೇಳಿದ್ರ ಯಾರೂ ಹಾಕಂಗಿಲ್ರಿ, ಆಗ ಅದು ರೊಕ್ಕದ ಮಾತು ಆಗಿರ್ತೈತಿ. ಪುಟ್ಟಿ ಇದ್ದಾಗ ಬರೇ ಅಳತಿ ಮಾತು.

ಟೊರಾಂಟೊ ಕನ್ನಡಿಗ
ನಮ್ಮ ಒಂಟಾರಿಯೊದಲ್ಲಿ ಇದಕ್ಕೆ ಕಾನೂನೇ ಇದೆ. ಗ್ರಾಹಕ ಒಪ್ಪಂದದಲ್ಲಿ ಅಂದಾಜು ಕೊಟ್ಟಿದ್ರೆ ಅದರ ಮೇಲೆ ಶೇ 10ಕ್ಕಿಂತ ಜಾಸ್ತಿ ವಸೂಲಿ ಮಾಡೋ ಹಾಗಿಲ್ಲ, ಗ್ರಾಹಕರು ಹೊಸ ಮೊತ್ತಕ್ಕೆ ಒಪ್ಪಿದ್ರೆ ಬೇರೆ ಮಾತು. 2,00,364ರ ಮೇಲೆ 2,10,347, ಶೇ 5 ಕೂಡ ಮುಟ್ಟಿಲ್ಲ. ಇಲ್ಲಿ ಆಗಿದ್ರೆ ಸಲೀಸಾಗಿ ಪಾಸ್.

ಲೆಕ್ಕದಮ್ಮ ಮೈಸೂರು
ಸಾಗರ ಒಂಟಾರಿಯೊದಲ್ಲಿ ಇಲ್ವಲ್ಲ ಸರ್! ಆದ್ರೂ ಆ ಶೇ 5 ಕೂಡ ಕಣ್ಣಿಗೆ ಮೋಸ. ಕಾಂಪೌಂಡ್ ಬಿಟ್ಟುಹೋಗಿದ್ದು ಒಳಗಿನ ಹೆಚ್ಚಳವನ್ನ ಮುಚ್ಚಿಬಿಟ್ಟಿದೆ. ಯಜಮಾನರು ಮೊತ್ತ ನೋಡ್ತಿಲ್ಲ, ಸಾಲು ನೋಡ್ತಿದ್ದಾರೆ. ಅದು ಸರಿನೇ.

ಕರಾವಳಿ ಫ್ಯಾಬ್ರಿಕೇಶನ್
ನಮ್ಮದೊಂದು ಕತೆ ಉಂಟು ಮಾರಾಯ್ರೆ. ಗ್ರಿಲ್ ಕೆಲಸ, ಅಂದಾಜು 850 ಕೆಜಿ, ಕೆಜಿಗೆ 110. ಪಾರ್ಟಿಗೆ ಬ್ಯಾಂಕ್‌ನವರು ಬಿಲ್ ಕೇಳಿದ್ರು, ಅರ್ಜೆಂಟ್ ಅಂತ ಕೊಟೇಶನ್ ಮೊತ್ತಕ್ಕೇ ಇನ್‌ವಾಯ್ಸ್ ಮಾಡಿ ಕೊಟ್ಟಾಯ್ತು. ಆಮೇಲೆ ವೇಬ್ರಿಡ್ಜ್ ಚೀಟಿ ನೋಡಿದ್ರೆ 792. ಈಗ 58 ಕೆಜಿ ಜಾಸ್ತಿ ಬಿಲ್ ಆಗಿದೆ. ಆ ಇನ್‌ವಾಯ್ಸ್ ಹರಿದು ಹೊಸತು ಮಾಡ್ಬಹುದಾ?

ಲೆಕ್ಕದಮ್ಮ ಮೈಸೂರು
ರಿಟರ್ನ್‌ನಲ್ಲಿ ಹೋಗಿದ್ರೆ ಹರಿಯೋ ಹಾಗಿಲ್ಲ. ಕ್ರೆಡಿಟ್ ನೋಟ್ ಕೊಡಿ: 58 × 110 = 6,380, ಅದರ ಜಿಎಸ್‌ಟಿ 1,148.40. ಹಳೇ ಇನ್‌ವಾಯ್ಸ್ ನಂಬರ್ ಅದರಲ್ಲಿ ಇರಲಿ, ವೇಬ್ರಿಡ್ಜ್ ಚೀಟಿ ಪ್ರತಿ ಲಗತ್ತಿಸಿ. ಆ ಹಣಕಾಸು ವರ್ಷ ಮುಗಿದ ಮೇಲಿನ ನವೆಂಬರ್ 30ರೊಳಗೆ, ಅಥವಾ ವಾರ್ಷಿಕ ರಿಟರ್ನ್ ಅದಕ್ಕೂ ಮೊದಲು ಸಲ್ಲಿಸಿದ್ರೆ ಅಷ್ಟರೊಳಗೆ, ತೋರಿಸಬೇಕು. ಪಾರ್ಟಿ ಇನ್‌ಪುಟ್ ಕ್ರೆಡಿಟ್ ತಗೊಂಡಿದ್ರೆ ಅಷ್ಟು ವಾಪಸ್ ಮಾಡಬೇಕು, ಮೊದಲೇ ತಿಳಿಸಿ. ತೂಕ ಜಾಸ್ತಿ ಬಂದಿದ್ರೆ ಇದೇ ದಾರಿ, ಡೆಬಿಟ್ ನೋಟ್.

ಸಾಗರದವರೇ, ನೀವು ಬಿಲ್ ಇನ್ನೂ ಹಾಕದೇ ಇರೋದೇ ಒಳ್ಳೇದಾಯ್ತು. ಮೊದಲು ಅಳತೆ, ಆಮೇಲೆ ಇನ್‌ವಾಯ್ಸ್. ಈ ನೋಟ್‌ಗಳ ಗೋಜೇ ಬೇಡ.

ಟ್ಯಾಲಿ ತಮ್ಮಣ್ಣ
ನನಗೂ ಇದೇ ಡೌಟು. ಟ್ಯಾಲಿ ಸಾಫ್ಟ್‌ವೇರ್‌ನಲ್ಲಿ ಸೇಲ್ಸ್ ಆರ್ಡರ್ ಕೊಟೇಶನ್‌ನಂತೆ ಹಾಕಿರ್ತೀವಿ. ಇನ್‌ವಾಯ್ಸ್‌ನಲ್ಲಿ ಆರ್ಡರ್ ನಂಬರ್ ಆರಿಸಿದ ಕೂಡಲೇ ಹಳೇ ಅಂಕಿನೇ ಪೂರ್ತಿ ಬಂದು ಕೂರುತ್ತೆ. ಆರ್ಡರ್‌ನಲ್ಲೇ ತಿದ್ದಿಬಿಟ್ರೆ ಸುಲಭ ಅಲ್ವಾ?

ಲೆಕ್ಕದಮ್ಮ ಮೈಸೂರು
ಸುಲಭ, ಆದ್ರೆ ಒಪ್ಪಿದ್ದು ಎಷ್ಟು ಅನ್ನೋದು ನಿಮ್ಮ ಪುಸ್ತಕದಲ್ಲೇ ಅಳಿಸಿಹೋಗುತ್ತೆ. ಆರ್ಡರ್ ಹಾಗೇ ಬಿಡಿ, ಇನ್‌ವಾಯ್ಸ್‌ನಲ್ಲಿ ಮಾತ್ರ ಪರಿಮಾಣ ಬದಲಿಸಿ, ಆಗದ ಸಾಲು ತೆಗೆಯಿರಿ, ಹೊಸ ಕೆಲಸಕ್ಕೆ ಹೊಸ ಸಾಲು ಸೇರಿಸಿ. ಆಮೇಲೆ ಆರ್ಡರ್‌ನಲ್ಲಿ ಬಾಕಿ ಉಳಿದದ್ದನ್ನ ಪ್ರೀ-ಕ್ಲೋಸ್ ಮಾಡಿ. ಇಲ್ಲಾಂದ್ರೆ ಆ 600 ಚದರಡಿ ಕಾಂಪೌಂಡ್ ವರ್ಷಗಟ್ಟಲೆ ಪೆಂಡಿಂಗ್ ಆರ್ಡರ್ ಪಟ್ಟಿಯಲ್ಲಿ ಕೂತಿರುತ್ತೆ.

ಸೈಟ್ ಸುಬ್ಬಿ
ಬಾಗಿಲಿನ ವಿಷಯಕ್ಕೆ ಬರ್ತೀನಿ. "ನಮ್ಮ ಕಡೆ ಕಳೆಯಲ್ಲ" ಅನ್ನೋದು ಪೇಂಟರ್‌ಗಳ ನಡುವಿನ ಪದ್ಧತಿ, ಮನೆಯವರಿಗೆ ಗೊತ್ತಿರಬೇಕಿಲ್ಲ. ಕೊಟೇಶನ್‌ನಲ್ಲಿ ಬರೆದಿಲ್ಲ ಅಂದ್ರೆ ಇಬ್ಬರೂ ಒಪ್ಪೋ ಒಂದು ಅಳತೆಗೋಲು ಬೇಕು. ಕಟ್ಟಡ ಕೆಲಸ ಅಳೆಯೋದಕ್ಕೆ ಇರೋ ಭಾರತೀಯ ಮಾನಕ ಐಎಸ್ 1200 ಇದೆ. ಅದರ ಪ್ರಕಾರ ಅರ್ಧ ಚದರ ಮೀಟರ್, ಅಂದ್ರೆ ಸುಮಾರು ಐದು ಚದರಡಿವರೆಗಿನ ತೆರಪು ಕಳೆಯೋ ಹಾಗಿಲ್ಲ. ಅಲ್ಲಿಂದ ಮೂರು ಚದರ ಮೀಟರ್‌ವರೆಗೆ, ಸುಮಾರು 32 ಚದರಡಿ, ಎರಡೂ ಮುಖಕ್ಕೆ ಕೆಲಸ ಆಗಿದ್ರೆ ಒಂದು ಮುಖದ್ದು ಮಾತ್ರ ಕಳೆಯೋದು. ಇನ್ನೊಂದು ಮುಖದ್ದು ಅಂಚಿನ ಕೆಲಸಕ್ಕೆ ಸರಿಹೋಯ್ತು ಅಂತ. ನೀವು ಹೇಳಿದ ಮಾತೇ, ಅರ್ಧ ಮಾತ್ರ.

ನಿಮ್ಮ ಕಿಟಕಿಗಳು ಹೊರಮುಖದಲ್ಲಿ ಕಳೆದಾಗಿದೆ, ಒಳಗೆ ಮತ್ತೆ ಬೇಡ. ಒಳಬಾಗಿಲು ಎಷ್ಟಿವೆ?

ಸಾಗರದ ಪೇಂಟರ್
ಆರು. ಮೂರು ಅಡಿ, ಏಳು ಅಡಿ.

ಸೈಟ್ ಸುಬ್ಬಿ
ಒಂದಕ್ಕೆ 21, ಆರಕ್ಕೆ 126 ಚದರಡಿ. ಒಂದು ಮುಖ ಕಳೆದರೆ 4,584 ಉಳಿಯುತ್ತೆ. 126 × 26 = 3,276, ಜಿಎಸ್‌ಟಿ ಸೇರಿ 3,866 ಇಳಿಯುತ್ತೆ. ಒಟ್ಟು 2,06,481. ಇದನ್ನ ನೀವೇ ಮೊದಲು ಇಳಿಸಿ ತೋರಿಸಿದ್ರೆ ಉಳಿದ 384 ಚದರಡಿ ಬಗ್ಗೆ ಮಾತಾಡೋಕೆ ಬಾಯಿ ಇರುತ್ತೆ.

ಗದಗದ ಗುತ್ತಿಗೆ
ಇದನ್ನ ನಾ ಒಪ್ಪಂಗಿಲ್ರಿ ಸರ. ಐಎಸ್ 1200 ಸರಕಾರಿ ಕೆಲಸಕ್ಕ ಸರಿ. ಮನಿ ಪೇಂಟಿಂಗ್‌ದಾಗ 26 ರೂಪಾಯಿ ದರ ಇಟ್ಟಿದ್ದ ಬಾಗಿಲ ಕಳಿಯಂಗಿಲ್ಲ ಅಂತ ಹಿಡಕೊಂಡು. ಬಾಗಿಲ ಕಳಿಯೂದಾದ್ರ ದರ 27 ಆಗ್ತಿತ್ತು.

ಸೈಟ್ ಸುಬ್ಬಿ
ಹಂಗಾದ್ರೆ "ತೆರಪು ಕಳೆಯಲ್ಲ" ಅಂತ ಕೊಟೇಶನ್‌ನಲ್ಲಿ ನಾಲ್ಕು ಅಕ್ಷರ ಬರೀಬೇಕಿತ್ತು ಯಜಮಾನ್ರೆ.

ನಿವೃತ್ತ ಜೆಇ
ಐಎಸ್ 1200 ವಿಷಯ ಸರಿಯಾಗಿದೆ.

ಮನೆ ಕಟ್ಟಿಸಿದವಳು
ಆ ತೇವದ ಗೋಡೆ 45 ರೂಪಾಯಿ ದರ ಮೊದಲೇ ಹೇಳಿದ್ರಾ?

ಸಾಗರದ ಪೇಂಟರ್
ದರ ಹೇಳಿರಲಿಲ್ಲ ಮೇಡಂ. ಫೋಟೋ ಹಾಕಿ "ಇದು ಕೆತ್ತಿ ಮಾಡಬೇಕು, ಎಕ್ಸ್‌ಟ್ರಾ ಆಗುತ್ತೆ" ಅಂದೆ. "ಆಯ್ತು ಮಾಡಿ" ಅಂದ್ರು. ಈಗ "ಎಕ್ಸ್‌ಟ್ರಾ ಅಂದ್ರೆ ಸಾವಿರವೋ ಎರಡು ಸಾವಿರವೋ ಅಂದ್ಕೊಂಡೆ" ಅಂತಾರೆ.

ಕೋರ್ಟ್ ಕಟ್ಟೆ
ಬಿಟ್ಟಿಗೆ ಮಾಡಿದ್ದು ಅನ್ನೋಕೆ ಅವರಿಗೆ ಆಗಲ್ಲ. ಕರಾರು ಕಾಯ್ದೆ 1872ರ 70ನೇ ಕಲಂ ಹೇಳೋದೇ ಇದು: ಧರ್ಮಕ್ಕೆ ಅಂತಲ್ಲದೆ ಮಾಡಿಕೊಟ್ಟ ಕೆಲಸದ ಲಾಭ ಪಡೆದವನು ಪರಿಹಾರ ಕೊಡಬೇಕು. ಇಲ್ಲಂತೂ "ಎಕ್ಸ್‌ಟ್ರಾ" ಅನ್ನೋ ಮಾತಿಗೇ "ಆಯ್ತು" ಬಂದಿದೆ. ಆದ್ರೆ ದರ ಒಪ್ಪಿಗೆ ಆಗಿಲ್ಲ, ಹಾಗಾಗಿ ನೀವು ಬರೆದ 45 ಅಲ್ಲ, ಊರಲ್ಲಿ ನಡೆಯೋ ನ್ಯಾಯವಾದ ದರ ಸಿಗುತ್ತೆ. ಅದು 45 ಇರಬಹುದು, 35 ಇರಬಹುದು. ವಾಟರ್‌ಪ್ರೂಫ್ ಸಾಮಾನಿನ ಖರೀದಿ ಬಿಲ್, ಕೆತ್ತಿದ ಕೂಲಿ ಲೆಕ್ಕ ತೋರಿಸಿ. 6,300ಕ್ಕೆ ಕೋರ್ಟ್ ಹತ್ತೋದು ದಂಡ, ನನ್ನ ಫೀಸಿಗೂ ಸಾಲಲ್ಲ.

ಗುರು_ಹಾರ್ಡ್‌ವೇರ್
ಲಾಯರ್ ಸಾಹೇಬ್ರೆ ನಮ್ಮ ಅಂಗಡಿ ಬಾಡಿಗೆ ಕರಾರಿನ ಬಗ್ಗೆ ಒಂದು ಕೇಳಬೇಕಿತ್ತು

ಕೋರ್ಟ್ ಕಟ್ಟೆ
ಬೇರೆ ಎಳೆ ಶುರು ಮಾಡಿ, ಇಲ್ಲಿ ಬಣ್ಣ ಒಣಗಿಲ್ಲ ಇನ್ನೂ.

ಟ್ಯಾಲಿ ತಮ್ಮಣ್ಣ
ಅಡ್ವಾನ್ಸ್ 80,000 ಬಗ್ಗೆ ಯಾರೂ ಹೇಳಲಿಲ್ಲ. ಬಿಲ್ 2,06,481ರಲ್ಲಿ 80,000 ಕಳೆದು ಉಳಿದದ್ದಕ್ಕೆ ಮಾತ್ರ ಇನ್‌ವಾಯ್ಸ್ ಅಲ್ವಾ?

ಲೆಕ್ಕದಮ್ಮ ಮೈಸೂರು
ಅಲ್ಲ! ಇದು ಬಹಳ ಜನ ಎಡವೋ ಜಾಗ. ಇನ್‌ವಾಯ್ಸ್ ಪೂರ್ತಿ ಮೊತ್ತಕ್ಕೇ. ಕೆಳಗೆ "ಮುಂಗಡ ಬಂದಿದ್ದು 80,000, ಬಾಕಿ 1,26,481" ಅಂತ ತೋರಿಸಿ. ಸೇವೆಗೆ ತಗೊಂಡ ಅಡ್ವಾನ್ಸ್ ಮೇಲೆ ಬಂದಾಗಲೇ ತೆರಿಗೆ ಕಟ್ಟಬೇಕು, ಸರಕಿನ ಅಡ್ವಾನ್ಸ್‌ಗೆ ಇರೋ ವಿನಾಯಿತಿ ಇಲ್ಲಿಲ್ಲ. 80,000ದಲ್ಲಿ ತೆರಿಗೆ ಒಳಗೇ ಇದೆ ಅಂತ ಹಿಡಿದರೆ 80,000 × 18 ÷ 118 = 12,203. ರಸೀದಿ ವೋಚರ್ ಕೊಟ್ಟು ಆ ತಿಂಗಳ ಜಿಎಸ್‌ಟಿಆರ್-1ರ 11ಎ ಕೋಷ್ಟಕದಲ್ಲಿ ತೋರಿಸಿದ್ರೆ, ಈಗ 11ಬಿಯಲ್ಲಿ ಹೊಂದಿಸಿಕೊಳ್ಳಿ. ಇಲ್ಲಾಂದ್ರೆ ಅದೇ 12,203 ಎರಡು ಸಲ ಕಟ್ಟಿದ ಹಾಗಾಗುತ್ತೆ. ಅಡ್ವಾನ್ಸೂ ಇನ್‌ವಾಯ್ಸೂ ಒಂದೇ ರಿಟರ್ನ್ ಅವಧಿಯಲ್ಲಿ ಬಂದ್ರೆ ಈ ತಾಪತ್ರಯ ಇಲ್ಲ.

ಸಾಗರದ ಪೇಂಟರ್
ಇವತ್ತು ಹೋಗಿದ್ದೆ. ಸುಬ್ಬಿ ಸರ್ ಹೇಳಿದ ಹಾಗೆ ಹಾಲ್ ಒಂದಕ್ಕೆ ಅವರ ಮಗನ ಕೈಲೇ ಟೇಪ್ ಹಿಡಿಸಿದೆ. ಹುಡುಗ ಇಂಜಿನಿಯರಿಂಗ್ ಓದ್ತಾನೆ, ಫೋನಲ್ಲಿ ಕೂಡಿಸಿ ಅಪ್ಪನಿಗೆ ತೋರಿಸಿದ. ಒಳಗೋಡೆ ವಿಷಯದಲ್ಲಿ ದನಿ ಇಳೀತು. ಬಾಗಿಲು ಕಳೆದು 4,584ಕ್ಕೆ ಹಾಳೆ ಮಾಡಿ ಕೊಟ್ಟಿದ್ದೇನೆ, ನಾಳೆ ಸಹಿ ಹಾಕ್ತೀನಿ ಅಂದ್ರು. ಗದಗದ ಅಣ್ಣ, ನನಗೂ ಮನಸ್ಸಿಲ್ಲ, ಆದ್ರೆ ಏನ್ ಮಾಡ್ಲಿ.

ತೇವದ ಗೋಡೆಗೆ ಮಾತ್ರ ಒಪ್ತಿಲ್ಲ. ಅವರ ಪರಿಚಯದ ಮೇಸ್ತ್ರಿ 30ಕ್ಕೆ ಮಾಡ್ತಿದ್ದನಂತೆ.

ಗದಗದ ಗುತ್ತಿಗೆ
ಆ ಮೇಸ್ತ್ರಿ ಪ್ಲಾಸ್ಟರ್ ಕೆತ್ತಿ ಮಾಡ್ತಿದ್ನೋ, ಮ್ಯಾಲೆ ಬಳದು ಹೋಗ್ತಿದ್ನೋ ಕೇಳ್ರಿ. ಮಳಿಗಾಲದಾಗ ನೋಡೂಣು.

ಲೆಕ್ಕದಮ್ಮ ಮೈಸೂರು
ಆ ಒಂದು ಸಾಲಿಗಾಗಿ ಇಡೀ ಬಿಲ್ ನಿಲ್ಲಿಸಬೇಡಿ. 45ಕ್ಕೇ ಇನ್‌ವಾಯ್ಸ್ ಹಾಕಿ, ಆಮೇಲೆ 35ಕ್ಕೋ 38ಕ್ಕೋ ಇತ್ಯರ್ಥ ಆದ್ರೆ ಆ ಸಾಲಿಗೆ ಮಾತ್ರ ಕ್ರೆಡಿಟ್ ನೋಟ್.

ಕೋರ್ಟ್ ಕಟ್ಟೆ
ನಾನಾದ್ರೆ ಉಲ್ಟಾ ಮಾಡ್ತೀನಿ. ಬೇಕಿದ್ರೆ ಎರಡು ದಿನ ಕಾದು ದರ ಮಾತಾಡಿ ಮುಗಿಸಿ ಆಮೇಲೆ ಇನ್‌ವಾಯ್ಸ್. ಜಗಳ ಇರೋ ಅಂಕಿ ಹಾಕಿದ ಬಿಲ್ ಕೈಗೆ ಬಂದ್ರೆ ಒಪ್ಪಿದ ಸಾಲುಗಳ ದುಡ್ಡನ್ನೂ ತಡೆದು ಕೂರ್ತಾರೆ.

ಲೆಕ್ಕದಮ್ಮ ಮೈಸೂರು
30 ದಿನ ಮೀರದಿದ್ರೆ ಹಾಗೂ ಮಾಡಬಹುದು. ಮುಗಿದು ಎಷ್ಟು ದಿನ ಆಯ್ತು?

ಸಾಗರದ ಪೇಂಟರ್
ಮೂರನೇ ವಾರ ನಡೀತಿದೆ ಮೇಡಂ.

ಗುರು_ಹಾರ್ಡ್‌ವೇರ್
ಅಲ್ಲಾ, ಕಾಂಪೌಂಡ್ ಹೊಸದು ಕಟ್ಟಿದ ಮೇಲೆ ಬಣ್ಣಕ್ಕೆ ನಿನ್ನನ್ನೇ ಕರೀತಾರಾ? ಆಗ್ಲೂ 14ಕ್ಕೇ ಮಾಡು ಅಂತಾರೆ ನೋಡು.

ಸಾಗರದ ಪೇಂಟರ್
ಕೇಳಿಯಾಯ್ತು ಗುರು. ಅದಕ್ಕೆ ಹೊಸ ಕೊಟೇಶನ್ ಕೊಡ್ತೀನಿ ಅಂದಿದ್ದೇನೆ.